ಒಂದೇ ಲಾಭ, ಎರಡು ಭಾರ: ಆಪರೇಟಿಂಗ್ ಲಿವರೇಜ್ ಮತ್ತು ಫೈನಾನ್ಶಿಯಲ್ ಲಿವರೇಜ್

(ಬಿ.ಕಾಂ. ಕೊನೆಯ ವರ್ಷ ಮತ್ತು ಸಿಎ ಇಂಟರ್ ವಿದ್ಯಾರ್ಥಿಗಳಿಗೆ ಕೊಟ್ಟ ಉಪನ್ಯಾಸದ ಬರಹ ರೂಪ. ಬೋರ್ಡಿನ ಮೇಲೆ ಮಾಡಿದ ಲೆಕ್ಕ ಮತ್ತು ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗಳನ್ನು ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಅಧ್ಯಾಯದಲ್ಲಿ ಸೂತ್ರಗಳು ಮೂರೇ ಮೂರು. ಅವು ನಿಮಗೆಲ್ಲ ಬಾಯಿಪಾಠ ಬರುತ್ತವೆ. ಆದರೂ ಉತ್ತರ ಪತ್ರಿಕೆ ತಿದ್ದುವಾಗ ನಾನು ಮತ್ತೆ ಮತ್ತೆ ಒಂದೇ ವಿಷಯ ನೋಡುತ್ತೇನೆ. ಲೆಕ್ಕ ಸರಿಯಾಗಿರುತ್ತದೆ. ಡಿಒಎಲ್ 2, ಡಿಎಫ್ಎಲ್ 1.6 ಅಂತ ಅಂಡರ್‌ಲೈನ್ ಹಾಕಿರುತ್ತಾರೆ. ಅದರ ಕೆಳಗೆ ‘ಕಂಪನಿಗೆ ಲಿವರೇಜ್ ಜಾಸ್ತಿ ಇದೆ’ ಅಂತ ಒಂದು ಸಾಲು ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಾರೆ. ಜಾಸ್ತಿ ಇದ್ದರೆ ಏನಾಗುತ್ತೆ? ಯಾವ ಖರ್ಚಿನಿಂದ ಜಾಸ್ತಿಯಾಯಿತು? ಯಾರಿಗೆ ಅದರ ಬಿಸಿ ತಟ್ಟುತ್ತೆ? ಇದು ಯಾವುದೂ ಅಲ್ಲಿ ಇರುವುದಿಲ್ಲ. ಪರೀಕ್ಷಕರು ಹುಡುಕುವುದು ಅದನ್ನೇ.

ಹಾಗಾಗಿ ಇವತ್ತು ಹತ್ತು ಲೆಕ್ಕ ಮಾಡುವುದು ಬೇಡ. ಒಂದೇ ಘಟಕ ತೆಗೆದುಕೊಳ್ಳೋಣ. ಅದನ್ನೇ ಮೇಲಿಂದ ಕೆಳಗೆ, ಆಮೇಲೆ ಕೆಳಗಿಂದ ಮೇಲೆ ನೋಡೋಣ.

ಮಲೆನಾಡಿನಲ್ಲೋ ದಕ್ಷಿಣ ಕನ್ನಡದಲ್ಲೋ ಅಡಿಕೆ ಹಾಳೆ ತಟ್ಟೆ ಮಾಡುವ ಘಟಕ ನೋಡಿರುತ್ತೀರಿ. ಒಣಗಿದ ಹಾಳೆಯನ್ನು ನೀರಲ್ಲಿ ನೆನೆಸಿ, ತೊಳೆದು, ಬಿಸಿ ಅಚ್ಚಿನ ಮೆಷಿನ್‌ಗೆ ಕೊಟ್ಟರೆ ತಟ್ಟೆಯಾಗಿ ಬರುತ್ತದೆ. ಅಂಥದ್ದೊಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ಅಂದುಕೊಳ್ಳಿ. ಅಂಕಿಗಳು ನಾನೇ ಲೆಕ್ಕಕ್ಕಾಗಿ ಇಟ್ಟುಕೊಂಡವು.

ವರ್ಷಕ್ಕೆ 10 ಲಕ್ಷ ತಟ್ಟೆ ಮಾರುತ್ತಾರೆ. ಒಂದಕ್ಕೆ 4 ರೂಪಾಯಿ. ಪ್ರತಿ ತಟ್ಟೆಗೆ ಹಾಳೆಗೆ 1 ರೂಪಾಯಿ, ಪೀಸ್ ಲೆಕ್ಕದ ಕೂಲಿ 80 ಪೈಸೆ, ಕರೆಂಟು 30 ಪೈಸೆ, ಪ್ಯಾಕಿಂಗ್ ಮತ್ತು ಸಾಗಣೆ 30 ಪೈಸೆ. ಒಟ್ಟು 2.40 ರೂಪಾಯಿ. ತಟ್ಟೆ ಮಾಡಿದರೆ ಮಾತ್ರ ಈ ಖರ್ಚು, ಮಾಡದಿದ್ದರೆ ಇಲ್ಲ. ಇದು ವೇರಿಯಬಲ್ ಕಾಸ್ಟ್.

ಇನ್ನು ತಟ್ಟೆ ಮಾಡಿದರೂ ಮಾಡದಿದ್ದರೂ ಬರುವ ಖರ್ಚು. ಶೆಡ್ ಬಾಡಿಗೆ 1,80,000. ಮೇಲ್ವಿಚಾರಕ ಮತ್ತು ಮೆಕ್ಯಾನಿಕ್ ಸಂಬಳ 3,60,000. ಮೆಷಿನ್ ಸವಕಳಿ 2,00,000. ವಿಮೆ ಮತ್ತು ಇತರೆ 60,000. ಒಟ್ಟು 8 ಲಕ್ಷ.

ಹೂಡಿದ ಬಂಡವಾಳ 35 ಲಕ್ಷ. ಅದರಲ್ಲಿ 10 ಲಕ್ಷ ಈಕ್ವಿಟಿ, ಅಂದರೆ 100 ರೂಪಾಯಿಯ 10,000 ಷೇರು. ಉಳಿದ 25 ಲಕ್ಷ ಬ್ಯಾಂಕ್ ಸಾಲ, ಬಡ್ಡಿ 12 ಪರ್ಸೆಂಟ್. ತೆರಿಗೆ 30 ಪರ್ಸೆಂಟ್ ಅಂತ ಇಟ್ಟುಕೊಳ್ಳೋಣ.

ಈಗ ಸ್ಟೇಟ್‌ಮೆಂಟ್ ಬರೆಯೋಣ. ಮಾರಾಟ ಈಗಿನಷ್ಟೇ ಇದ್ದರೆ, 10 ಪರ್ಸೆಂಟ್ ಹೆಚ್ಚಿದರೆ, 10 ಪರ್ಸೆಂಟ್ ಇಳಿದರೆ ಅಂತ ಮೂರು ಕಾಲಂ ಹಾಕುತ್ತೇನೆ.

| ವಿವರ (ಲಕ್ಷ ರೂ.) | ಈಗ | 10% ಹೆಚ್ಚು | 10% ಕಡಿಮೆ |
|---|---|---|---|
| ಮಾರಾಟ | 40.00 | 44.00 | 36.00 |
| ವೇರಿಯಬಲ್ ಕಾಸ್ಟ್ | 24.00 | 26.40 | 21.60 |
| ಕಾಂಟ್ರಿಬ್ಯೂಷನ್ | 16.00 | 17.60 | 14.40 |
| ಫಿಕ್ಸೆಡ್ ಕಾಸ್ಟ್ | 8.00 | 8.00 | 8.00 |
| ಇಬಿಐಟಿ | 8.00 | 9.60 | 6.40 |
| ಬಡ್ಡಿ | 3.00 | 3.00 | 3.00 |
| ಇಬಿಟಿ | 5.00 | 6.60 | 3.40 |
| ತೆರಿಗೆ 30% | 1.50 | 1.98 | 1.02 |
| ತೆರಿಗೆ ನಂತರದ ಲಾಭ | 3.50 | 4.62 | 2.38 |
| ಇಪಿಎಸ್ (ರೂ.) | 35.00 | 46.20 | 23.80 |

ಸೂತ್ರ ಮರೆತುಬಿಡಿ. ಸುಮ್ನೆ ಎರಡನೇ ಕಾಲಂ ನೋಡಿ. ಮಾರಾಟ 10 ಪರ್ಸೆಂಟ್ ಏರಿತು. ಕಾಂಟ್ರಿಬ್ಯೂಷನ್ ಕೂಡ 10 ಪರ್ಸೆಂಟೇ ಏರಿತು, 16ರಿಂದ 17.60ಕ್ಕೆ. ಇಲ್ಲಿವರೆಗೆ ಲಿವರೇಜ್ ಅನ್ನೋದೇ ಇಲ್ಲ. ಅದರ ಕೆಳಗಿನ ಸಾಲಲ್ಲಿ 8 ಲಕ್ಷ ಅಲುಗಾಡದೆ ಕೂತಿದೆ. ಹೆಚ್ಚಿಗೆ ಬಂದ 1.60 ಲಕ್ಷದಲ್ಲಿ ಶೆಡ್ ಮಾಲೀಕರಿಗೆ ಒಂದು ಪೈಸೆ ಹೋಗಲಿಲ್ಲ, ಸವಕಳಿ ಹೆಚ್ಚಾಗಲಿಲ್ಲ. ಪೂರ್ತಿ 1.60 ಲಕ್ಷ ಇಬಿಐಟಿಗೆ ಸೇರಿತು. 8 ಲಕ್ಷದ ಮೇಲೆ 1.60 ಲಕ್ಷ ಅಂದರೆ 20 ಪರ್ಸೆಂಟ್. ಮಾರಾಟಕ್ಕಿಂತ ಇಬಿಐಟಿ ಎರಡು ಪಟ್ಟು ಜಿಗಿಯಿತು. ಇದೇ ಆಪರೇಟಿಂಗ್ ಲಿವರೇಜ್.

ಮುಂದೆ ಹೋಗಿ. ಇಬಿಐಟಿ 20 ಪರ್ಸೆಂಟ್ ಏರಿದೆ. ಈಗ 3 ಲಕ್ಷ ಬಡ್ಡಿ ಅಲುಗಾಡದೆ ಕೂತಿದೆ. ಘಟಕ ಚೆನ್ನಾಗಿ ನಡೀತಿದೆ ಅಂತ ಬ್ಯಾಂಕ್ ಜಾಸ್ತಿ ಬಡ್ಡಿ ಕೇಳುವುದಿಲ್ಲ. ಹಾಗಾಗಿ ಆ 1.60 ಲಕ್ಷ ಮತ್ತೆ ಪೂರ್ತಿಯಾಗಿ ಇಬಿಟಿಗೆ ಬಂತು. ಆದರೆ ಈಗ ತಳದ ಅಂಕಿ 8 ಅಲ್ಲ, 5. ಐದರ ಮೇಲೆ 1.60 ಅಂದರೆ 32 ಪರ್ಸೆಂಟ್. ಇಪಿಎಸ್ 35ರಿಂದ 46.20ಕ್ಕೆ, ಅದೂ 32 ಪರ್ಸೆಂಟ್. ಇಪ್ಪತ್ತು ಮೂವತ್ತೆರಡಾಯಿತು, ಅಂದರೆ 1.6 ಪಟ್ಟು. ಇದು ಫೈನಾನ್ಶಿಯಲ್ ಲಿವರೇಜ್.

ಎರಡರಲ್ಲೂ ನಡೆದದ್ದು ಒಂದೇ ಕೆಲಸ. ಹೆಚ್ಚುವರಿ ರೂಪಾಯಿ ಅಷ್ಟೇ ಇದೆ, ಆದರೆ ಒಂದು ಸ್ಥಿರ ಖರ್ಚು ತಳದ ಅಂಕಿಯನ್ನು ಸಣ್ಣದು ಮಾಡಿದೆ. ಹಾಗಾಗಿ ಪರ್ಸೆಂಟೇಜ್ ದೊಡ್ಡದಾಗಿ ಕಾಣುತ್ತದೆ. ವ್ಯತ್ಯಾಸ ಇರುವುದು ಆ ಸ್ಥಿರ ಖರ್ಚು ಎಲ್ಲಿ ಕೂತಿದೆ ಅನ್ನುವುದರಲ್ಲಿ. ಇಬಿಐಟಿ ಸಾಲಿನ ಮೇಲೆ ಕೂತರೆ ಆಪರೇಟಿಂಗ್, ಕೆಳಗೆ ಕೂತರೆ ಫೈನಾನ್ಶಿಯಲ್.

ಈಗ ಸೂತ್ರ ಬರೆಯೋಣ. ಡಿಒಎಲ್ ಅಂದರೆ ಕಾಂಟ್ರಿಬ್ಯೂಷನ್ ಭಾಗಿಸು ಇಬಿಐಟಿ: 16/8 = 2. ಡಿಎಫ್ಎಲ್ ಅಂದರೆ ಇಬಿಐಟಿ ಭಾಗಿಸು ಇಬಿಟಿ: 8/5 = 1.6. ಎರಡನ್ನೂ ಗುಣಿಸಿದರೆ ಕಂಬೈನ್ಡ್ ಲಿವರೇಜ್, ಡಿಸಿಎಲ್: 3.2. ನೇರವಾಗಿ ಮಾಡಿದರೂ 16/5 = 3.2. ಕೂಡುವುದಲ್ಲ, ಗುಣಿಸುವುದು. ಯಾಕೆ ಅಂತ ಸ್ಟೇಟ್‌ಮೆಂಟೇ ಹೇಳುತ್ತಿದೆ. ಮೊದಲ ಹಂತದಲ್ಲಿ ದೊಡ್ಡದಾದ ಬದಲಾವಣೆಯನ್ನೇ ಎರಡನೇ ಹಂತ ಮತ್ತೆ ದೊಡ್ಡದು ಮಾಡುತ್ತದೆ.

ಇಲ್ಲೊಬ್ಬರು ಕೇಳಿದರು: “ಸರ್, ತೆರಿಗೆ ಕಳೆದ ಮೇಲೂ 32 ಪರ್ಸೆಂಟೇ ಯಾಕೆ ಉಳೀತು?” ಒಳ್ಳೆಯ ಪ್ರಶ್ನೆ. ತೆರಿಗೆ ಸ್ಥಿರ ಮೊತ್ತ ಅಲ್ಲ, ಲಾಭದ ಪಾಲು. ಲಾಭ ಏರಿದರೆ ಅದೂ ಅದೇ ಪ್ರಮಾಣದಲ್ಲಿ ಏರುತ್ತದೆ. ಹಾಗಾಗಿ ಅದು ಯಾವುದನ್ನೂ ಹಿಗ್ಗಿಸುವುದಿಲ್ಲ.

ಮೂರನೇ ಕಾಲಂ ನೀವೇ ನೋಡಿ. ಮಾರಾಟ 10 ಪರ್ಸೆಂಟ್ ಇಳಿದರೆ ಇಬಿಐಟಿ 20, ಇಪಿಎಸ್ 32 ಪರ್ಸೆಂಟ್ ಇಳಿಯುತ್ತದೆ. ಶೆಡ್ ಮಾಲೀಕರೂ ಬ್ಯಾಂಕೂ ತಮ್ಮ ಪಾಲು ಕಡಿಮೆ ಮಾಡಿಕೊಳ್ಳಲಿಲ್ಲ. ಪೂರ್ತಿ ಏಟು ಷೇರುದಾರರ ಮೇಲೆ ಬಿತ್ತು. ‘ಲಿವರೇಜ್ ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ’ ಅಂತ ಬರೆದರೆ ಸಾಲದು. ‘ಮಾರಾಟ 10% ಕುಸಿದರೆ ಇಪಿಎಸ್ 32% ಕುಸಿದು 23.80 ರೂ. ಆಗುತ್ತದೆ’ ಅಂತ ಅಂಕಿ ಇಟ್ಟು ಬರೆಯಿರಿ.

ಈಗ ಪರೀಕ್ಷೆಯಲ್ಲಿ ಜಾಸ್ತಿ ಜನ ಎಡವುವ ಜಾಗಕ್ಕೆ ಬರೋಣ. “ಬಡ್ಡಿನೂ ಫಿಕ್ಸೆಡ್ ಅಲ್ವಾ ಸರ್, ಅದನ್ನ ಬಾಡಿಗೆ ಜೊತೆ ಸೇರಿಸಿದ್ರೆ ಏನು ತಪ್ಪು?” ಅಂತ ಕೇಳಿದರು. ಸೇರಿಸಿ ನೋಡೋಣ. ಫಿಕ್ಸೆಡ್ ಕಾಸ್ಟ್ 11 ಲಕ್ಷ ಆಗುತ್ತದೆ. 16ರಲ್ಲಿ 11 ಕಳೆದರೆ 5. ಡಿಒಎಲ್ 16/5 = 3.2 ಅಂತ ಬರುತ್ತದೆ. ನೋಡಿದಿರಾ, ಇದು ಕಂಬೈನ್ಡ್ ಲಿವರೇಜ್‌ನ ಅಂಕಿ. ಅದಕ್ಕೆ ಆಪರೇಟಿಂಗ್ ಅಂತ ಹೆಸರು ಕೊಟ್ಟಂತಾಯಿತು. ಒಟ್ಟು ಅಪಾಯ ಅಷ್ಟೇ ಇದೆ, ಆದರೆ ಅದು ಎಲ್ಲಿಂದ ಬಂತು ಅನ್ನುವುದೇ ಕಳೆದುಹೋಯಿತು.

ಪ್ರಶ್ನೆ ಪತ್ರಿಕೆಯಲ್ಲಿ ‘ಸ್ಥಿರ ವೆಚ್ಚ 11 ಲಕ್ಷ, ಇದರಲ್ಲಿ ಬಡ್ಡಿ 3 ಲಕ್ಷ ಸೇರಿದೆ’ ಅಂತ ಬಂದರೆ ಅದು ಬೇಕಂತಲೇ ಇಟ್ಟಿರುವುದು. ಮೊದಲು ವರ್ಕಿಂಗ್ ನೋಟ್‌ನಲ್ಲಿ 11ರಲ್ಲಿ 3 ಕಳೆದು 8 ಅಂತ ತೋರಿಸಿ. ಹಾಗೇ ‘ಫಿಕ್ಸೆಡ್ ಕಾಸ್ಟ್ 6 ಲಕ್ಷ, ಸವಕಳಿ ಬಿಟ್ಟು’ ಅಂತ ಇದ್ದು, ಸವಕಳಿ 2 ಲಕ್ಷ ಬೇರೆ ಕಡೆ ಕೊಟ್ಟಿದ್ದರೆ ಅದನ್ನು ಸೇರಿಸಿಕೊಳ್ಳಿ. ಸವಕಳಿಯಲ್ಲಿ ದುಡ್ಡು ಕೈಬಿಟ್ಟು ಹೋಗುವುದಿಲ್ಲ ನಿಜ. ಆದರೆ ಇಬಿಐಟಿ ತೆಗೆಯುವಾಗ ಅದು ಸ್ಥಿರ ಖರ್ಚೇ.

ಯಾವುದು ಎಲ್ಲಿಗೆ ಸೇರುತ್ತೆ ಅಂತ ಗೊಂದಲವಾದರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಕಂಪನಿ ನಾಳೆ ಸಾಲವನ್ನೆಲ್ಲ ತೀರಿಸಿ ಪೂರ್ತಿ ಸ್ವಂತ ದುಡ್ಡಲ್ಲಿ ನಡೆದರೆ ಈ ಖರ್ಚು ಉಳಿಯುತ್ತಾ, ಹೋಗುತ್ತಾ? ಶೆಡ್ ಬಾಡಿಗೆ ಉಳಿಯುತ್ತದೆ. ಬಡ್ಡಿ ಹೋಗುತ್ತದೆ. ಉಳಿಯುವುದು ತಟ್ಟೆ ಮಾಡುವ ವಿಧಾನದಿಂದ ಬಂದ ಖರ್ಚು, ಹೋಗುವುದು ದುಡ್ಡು ತಂದ ವಿಧಾನದಿಂದ ಬಂದ ಖರ್ಚು. ಮೊದಲನೆಯದು ಬಿಸಿನೆಸ್ ರಿಸ್ಕ್ ಹುಟ್ಟಿಸುತ್ತದೆ, ಎರಡನೆಯದು ಫೈನಾನ್ಶಿಯಲ್ ರಿಸ್ಕ್. ಉತ್ತರದಲ್ಲಿ ಈ ಎರಡು ಹೆಸರು ಬರಲೇಬೇಕು.

ಇದನ್ನು ಇನ್ನಷ್ಟು ಹತ್ತಿರದಿಂದ ನೋಡಲು ಅದೇ ಘಟಕವನ್ನು ಬೇರೆ ಥರ ನಡೆಸಿ ನೋಡೋಣ. ಸ್ವಂತ ಮೆಷಿನ್ ಬೇಡ, ಹೊರಗಡೆ ಜಾಬ್ ವರ್ಕ್ ಕೊಟ್ಟು ತಟ್ಟೆ ಒತ್ತಿಸೋಣ. ಒಂದು ತಟ್ಟೆಗೆ ಎಲ್ಲ ಸೇರಿ 3 ರೂಪಾಯಿ ಬೀಳುತ್ತದೆ. ಆದರೆ ಫಿಕ್ಸೆಡ್ ಕಾಸ್ಟ್ ಬರೀ 2 ಲಕ್ಷ. ಬಂಡವಾಳ ಅಷ್ಟೇ ಇರಲಿ. ಮಳೆಗಾಲಕ್ಕೆ ಮುಂಚೆ ಹಾಳೆ ಕೊಂಡು ಒಣಗಿಸಿ ಇಡಬೇಕು, ಗಿರಾಕಿಗಳಿಗೆ ಉದ್ದರಿ ಕೊಡಬೇಕು. ದುಡ್ಡು ಅಲ್ಲಿ ಕೂರುತ್ತದೆ ಅಂದುಕೊಳ್ಳೋಣ.

ಮಾರಾಟ 40 ಲಕ್ಷ, ವೇರಿಯಬಲ್ 30 ಲಕ್ಷ, ಕಾಂಟ್ರಿಬ್ಯೂಷನ್ 10 ಲಕ್ಷ, ಫಿಕ್ಸೆಡ್ 2 ಲಕ್ಷ, ಇಬಿಐಟಿ 8 ಲಕ್ಷ. ಲಾಭ ಮೊದಲಿನಷ್ಟೇ! ಬರೀ ಇಬಿಐಟಿ ನೋಡಿದವರಿಗೆ ಎರಡೂ ಘಟಕ ಒಂದೇ. ಆದರೆ ಇದರ ಡಿಒಎಲ್ 10/8 = 1.25. ಮಾರಾಟ 10 ಪರ್ಸೆಂಟ್ ಇಳಿದರೆ ಇಲ್ಲಿ ಇಬಿಐಟಿ ಇಳಿಯುವುದು ಬರೀ ಹನ್ನೆರಡೂವರೆ ಪರ್ಸೆಂಟ್, 8ರಿಂದ 7 ಲಕ್ಷಕ್ಕೆ. ಮೆಷಿನ್ ಇರುವವರದ್ದು 6.40ಕ್ಕೆ ಇಳಿದಿತ್ತು. ಮಾರಾಟ ಏರಿದಾಗ ಉಲ್ಟಾ. ಇವರದು 9 ಲಕ್ಷ, ಮೆಷಿನ್‌ನವರದು 9.60.

ಈಗ ಈ ಎರಡು ವಿಧಾನಕ್ಕೆ ದುಡ್ಡು ತರುವ ಎರಡು ದಾರಿ ಸೇರಿಸಿ. ಒಂದರಲ್ಲಿ 25 ಲಕ್ಷ ಸಾಲ, ಡಿಎಫ್ಎಲ್ 1.6. ಇನ್ನೊಂದರಲ್ಲಿ ಪೂರ್ತಿ 35 ಲಕ್ಷ ಸ್ವಂತದ್ದು, ಬಡ್ಡಿಯೇ ಇಲ್ಲ, ಡಿಎಫ್ಎಲ್ 1. ಮೆಷಿನ್ ಮತ್ತು ಸಾಲ ಎರಡೂ ಇದ್ದರೆ ಡಿಸಿಎಲ್ 3.2. ಮೆಷಿನ್ ಇದ್ದು ಸಾಲ ಇಲ್ಲದಿದ್ದರೆ 2. ಜಾಬ್ ವರ್ಕ್ ಇದ್ದು ಸಾಲ ಇದ್ದರೆ 1.25 ಗುಣಿಸು 1.6, ಅದೂ 2. ಎರಡೂ ಇಲ್ಲದಿದ್ದರೆ 1.25.

ಮಧ್ಯದ ಎರಡನ್ನು ಗಮನಿಸಿ. ಎರಡಕ್ಕೂ 2. ಹಾಗಾದರೆ ಎರಡೂ ಒಂದೇನಾ? ಈ ಪ್ರಶ್ನೆ ಪತ್ರಿಕೆಯಲ್ಲಿ ‘ಕಾಮೆಂಟ್ ಮಾಡಿ’ ಅನ್ನುವ ರೂಪದಲ್ಲಿ ಬರುತ್ತದೆ. ಒಂದೇ ಅಲ್ಲ. ಮೆಷಿನ್ ಇದ್ದು ಸಾಲ ಇಲ್ಲದ ಕಂಪನಿಯ ಅಪಾಯವೆಲ್ಲ ವ್ಯಾಪಾರದಲ್ಲಿದೆ. ಕೆಟ್ಟ ವರ್ಷ ಬಂದರೆ ಲಾಭ ಕರಗುತ್ತದೆ. ಆದರೆ ಬಾಗಿಲಿಗೆ ಬ್ಯಾಂಕಿನವರು ಬರುವುದಿಲ್ಲ. ಜಾಬ್ ವರ್ಕ್ ಇದ್ದು ಸಾಲ ಇರುವ ಕಂಪನಿಯ ವ್ಯಾಪಾರ ಗಟ್ಟಿ, ಆದರೆ ಪ್ರತಿ ವರ್ಷ 3 ಲಕ್ಷ ಕಟ್ಟಲೇಬೇಕು. ತಪ್ಪಿದರೆ ಕಾನೂನಿನ ತೊಂದರೆ. ಬದಲಾಯಿಸುವ ಸಾಧ್ಯತೆಯೂ ಬೇರೆ ಬೇರೆ. ಸಾಲವನ್ನು ಲಾಭದಿಂದ ಸ್ವಲ್ಪ ಸ್ವಲ್ಪ ತೀರಿಸಿ ಡಿಎಫ್ಎಲ್ ಇಳಿಸಬಹುದು. ಮೆಷಿನ್ ಕೊಂಡು ಶೆಡ್ ಹಾಕಿದ ಮೇಲೆ ಡಿಒಎಲ್ ಇಳಿಸುವುದು ಅಷ್ಟು ಸುಲಭ ಅಲ್ಲ, ಕೆಲಸ ಮಾಡುವ ರೀತಿಯನ್ನೇ ಬದಲಿಸಬೇಕಾಗುತ್ತದೆ.

ಹಾಗಾಗಿ ಹಣಕಾಸು ನೋಡುವವರು ಸಾಮಾನ್ಯವಾಗಿ ಮಾಡುವುದು ಇದು. ವ್ಯಾಪಾರದ ಸ್ವಭಾವದಿಂದಲೇ ಡಿಒಎಲ್ ಜಾಸ್ತಿ ಇದ್ದರೆ ಸಾಲ ಕಡಿಮೆ ಇಡುತ್ತಾರೆ. ಡಿಒಎಲ್ ಕಡಿಮೆ ಇದ್ದು, ಗಳಿಕೆ ಬಡ್ಡಿಗಿಂತ ಚೆನ್ನಾಗಿದ್ದರೆ ಸಾಲದ ಲಾಭ ಪಡೆಯುತ್ತಾರೆ. ಎರಡೂ ಜಾಸ್ತಿ ಇರುವುದು ಎಲ್ಲಕ್ಕಿಂತ ಅಪಾಯದ ಜೋಡಿ.

ಬೆಂಗಳೂರಿನದೇ ಉದಾಹರಣೆ ಇದೆ. ವಿಮಾನಯಾನದಲ್ಲಿ ಸ್ಥಿರ ಖರ್ಚು ತುಂಬ. ವಿಮಾನದ ಲೀಸ್ ಬಾಡಿಗೆ, ಪೈಲಟ್ ಮತ್ತು ಸಿಬ್ಬಂದಿ ಸಂಬಳ, ರಿಪೇರಿ. ಇಂಧನ ಕೂಡ ಸೀಟಿನ ಲೆಕ್ಕದಲ್ಲಿ ಹೆಚ್ಚು ಕಡಿಮೆ ಆಗುವುದಿಲ್ಲ. ಒಮ್ಮೆ ವಿಮಾನ ಹಾರಿಸೋಣ ಅಂತ ತೀರ್ಮಾನಿಸಿದ ಮೇಲೆ ಸೀಟು ಖಾಲಿ ಇದ್ದರೂ ಖರ್ಚು ಹೆಚ್ಚು ಕಡಿಮೆ ಅಷ್ಟೇ. ಅಂಥ ವ್ಯಾಪಾರದ ಮೇಲೆ ಭಾರಿ ಸಾಲವೂ ಕೂತರೆ ಏನಾಗುತ್ತೆ ಅನ್ನುವುದನ್ನು ಕಿಂಗ್‌ಫಿಶರ್ ಏರ್‌ಲೈನ್ಸ್‌ನಲ್ಲಿ ನೋಡಿದೆವು. 2005ರಲ್ಲಿ ಹಾರಾಟ ಶುರುವಾಯಿತು, 2012ರ ಅಕ್ಟೋಬರ್‌ನಲ್ಲಿ ನಿಂತೇ ಹೋಯಿತು. ಅದು ಮುಳುಗಿದ್ದಕ್ಕೆ ಬೇರೆ ಕಾರಣಗಳೂ ಇವೆ, ಎಲ್ಲವನ್ನೂ ಲಿವರೇಜ್ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಎರಡು ಭಾರ ಒಂದರ ಮೇಲೊಂದು ಕೂತಾಗ ಕೆಟ್ಟ ವರ್ಷಗಳನ್ನು ದಾಟಲು ಜಾಗವೇ ಇರಲಿಲ್ಲ ಅನ್ನುವುದು ಸ್ಪಷ್ಟ. ಇದರ ಎದುರು ಇನ್ಫೋಸಿಸ್ ಇಟ್ಟು ನೋಡಿ. ಅಲ್ಲೂ ಸಂಬಳವೆಂಬ ದೊಡ್ಡ ಖರ್ಚಿದೆ, ಒಂದು ತ್ರೈಮಾಸಿಕದಲ್ಲಿ ಆರ್ಡರ್ ಕಡಿಮೆಯಾದರೆ ಅದು ತಕ್ಷಣ ಇಳಿಯುವುದಿಲ್ಲ. ಆದರೆ ಬ್ಯಾಂಕ್ ಸಾಲದ ಮೇಲೆ ನಡೆಯುವ ಕಂಪನಿ ಅದಲ್ಲ. ಹಾಗಾಗಿ ಡಿಎಫ್ಎಲ್ ಒಂದರ ಹತ್ತಿರವೇ ಇರುತ್ತದೆ.

ಮತ್ತೆ ನಮ್ಮ ಹಾಳೆ ತಟ್ಟೆಗೆ ಬರೋಣ. “ಹಾಗಾದ್ರೆ ಸಾಲ ಯಾಕೆ ಮಾಡಬೇಕು?” ಅಂತ ಕೇಳಬಹುದು. ಇಪಿಎಸ್ ನೋಡಿ. ಸಾಲ ಇದ್ದಾಗ 35 ರೂಪಾಯಿ. ಪೂರ್ತಿ ಸ್ವಂತ ಬಂಡವಾಳವಾದರೆ ತೆರಿಗೆ ಕಳೆದು 5.60 ಲಕ್ಷ, ಅದನ್ನು 35,000 ಷೇರಿಗೆ ಹಂಚಬೇಕು. ಷೇರಿಗೆ 16 ರೂಪಾಯಿ ಮಾತ್ರ. ಅಷ್ಟು ವ್ಯತ್ಯಾಸ ಎಲ್ಲಿಂದ ಬಂತು? 35 ಲಕ್ಷದ ಮೇಲೆ 8 ಲಕ್ಷ ಗಳಿಸುತ್ತಿದ್ದಾರೆ, ಅಂದರೆ ಸುಮಾರು 22.9 ಪರ್ಸೆಂಟ್. ಸಾಲಕ್ಕೆ ಕೊಡುತ್ತಿರುವುದು 12. ಬ್ಯಾಂಕಿನ ದುಡ್ಡು ಗಳಿಸಿದ್ದರಲ್ಲಿ 12 ಬ್ಯಾಂಕಿಗೆ ಹೋಗಿ, ಉಳಿದದ್ದು ಷೇರುದಾರರಿಗೆ ಸೇರಿತು. ಇದನ್ನೇ ಟ್ರೇಡಿಂಗ್ ಆನ್ ಈಕ್ವಿಟಿ ಅನ್ನುತ್ತೇವೆ.

ಇದು ಎಲ್ಲಿವರೆಗೆ ನಡೆಯುತ್ತದೆ? ಗಳಿಕೆ 12 ಪರ್ಸೆಂಟ್‌ಗಿಂತ ಮೇಲಿರುವವರೆಗೆ. 35 ಲಕ್ಷದ 12 ಪರ್ಸೆಂಟ್ ಅಂದರೆ 4.20 ಲಕ್ಷ. ಇಬಿಐಟಿ 4.20 ಲಕ್ಷ ಇದ್ದಾಗ ಎರಡೂ ದಾರಿಯಲ್ಲಿ ಇಪಿಎಸ್ ಒಂದೇ. ಪರೀಕ್ಷೆ ಮಾಡಿ. ಸಾಲ ಇದ್ದರೆ 4.20ರಲ್ಲಿ 3 ಕಳೆದು 1.20, ತೆರಿಗೆ ಹೋಗಿ 84,000, ಅದನ್ನು 10,000 ಷೇರಿಗೆ ಹಂಚಿದರೆ 8.40 ರೂಪಾಯಿ. ಸಾಲ ಇಲ್ಲದಿದ್ದರೆ ತೆರಿಗೆ ಕಳೆದು 2.94 ಲಕ್ಷ, 35,000 ಷೇರಿಗೆ ಹಂಚಿದರೆ ಅದೇ 8.40. ಇದೇ ಇಂಡಿಫರೆನ್ಸ್ ಪಾಯಿಂಟ್. ಅದರ ಕೆಳಗೆ ಇಳಿದರೆ ಸಾಲವೇ ಇಪಿಎಸ್ ತಿನ್ನಲು ಶುರು ಮಾಡುತ್ತದೆ. ಡಿಎಫ್ಎಲ್ ಜಾಸ್ತಿ ಇದೆ ಅಂದ ತಕ್ಷಣ ಒಳ್ಳೆಯದು ಅಂತಲೋ ಕೆಟ್ಟದ್ದು ಅಂತಲೋ ತೀರ್ಪು ಕೊಡಬೇಡಿ. ಮೊದಲು ಗಳಿಕೆಯ ದರವನ್ನೂ ಬಡ್ಡಿ ದರವನ್ನೂ ಪಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಬರೆಯಿರಿ.

ಪ್ರಿಫರೆನ್ಸ್ ಷೇರು ಬಂದಾಗ ಒಂದು ಎಚ್ಚರ ಬೇಕು. ಇದೇ ಲೆಕ್ಕದಲ್ಲಿ ಪ್ರಿಫರೆನ್ಸ್ ಡಿವಿಡೆಂಡ್ 70,000 ಕೂಡ ಇದೆ ಅನ್ನಿ. ತುಂಬ ಜನ ಇಬಿಟಿ 5 ಲಕ್ಷದಿಂದ ನೇರವಾಗಿ 70,000 ಕಳೆಯುತ್ತಾರೆ. ತಪ್ಪು. ಬಡ್ಡಿಯನ್ನು ತೆರಿಗೆಗೆ ಮುಂಚೆ ಕಟ್ಟುತ್ತೇವೆ, ಪ್ರಿಫರೆನ್ಸ್ ಡಿವಿಡೆಂಡನ್ನು ತೆರಿಗೆ ಕಟ್ಟಿ ಉಳಿದದ್ದರಲ್ಲಿ ಕೊಡುತ್ತೇವೆ. 70,000 ಕೊಡಬೇಕಾದರೆ ತೆರಿಗೆಗೆ ಮುಂಚೆ 1,00,000 ದುಡಿದಿರಬೇಕು: 70,000 ಭಾಗಿಸು 0.70. ಹಾಗಾಗಿ ಡಿಎಫ್ಎಲ್ 8/(5 − 1) = 2. ನೇರವಾಗಿ ಕಳೆದವರಿಗೆ 1.86 ಬರುತ್ತದೆ. ಯಾವುದು ಸರಿ ಅಂತ ಸ್ಟೇಟ್‌ಮೆಂಟಿನಿಂದಲೇ ತಿಳಿಯುತ್ತದೆ. ಈಗ ಇಪಿಎಸ್ 2.80 ಲಕ್ಷ ಭಾಗಿಸು 10,000, ಅಂದರೆ 28 ರೂಪಾಯಿ. ಇಬಿಐಟಿ 20 ಪರ್ಸೆಂಟ್ ಏರಿದಾಗ 4.62ರಲ್ಲಿ 0.70 ಕಳೆದು 3.92 ಲಕ್ಷ, ಷೇರಿಗೆ 39.20. ಏರಿಕೆ ಸರಿಯಾಗಿ 40 ಪರ್ಸೆಂಟ್. ಇಪ್ಪತ್ತರ ಎರಡು ಪಟ್ಟು.

ಇನ್ನೊಂದು ವಿಷಯವನ್ನು ಪಾಠದಲ್ಲಿ ಬೇಗ ದಾಟಿಬಿಡುತ್ತೇವೆ, ಆದರೆ ಅಲ್ಲಿ ತುಂಬ ತಿಳಿಯುವುದಿದೆ. ಡಿಒಎಲ್ ಕಂಪನಿಗೆ ಅಂಟಿದ ಶಾಶ್ವತ ಸಂಖ್ಯೆ ಅಲ್ಲ. ಮಾರಾಟದ ಮಟ್ಟ ಬದಲಾದರೆ ಅದೂ ಬದಲಾಗುತ್ತದೆ. ಮಾರಾಟ 44 ಲಕ್ಷ ಇದ್ದಾಗ 17.60/9.60, ಅಂದರೆ 1.83. ಮಾರಾಟ 24 ಲಕ್ಷಕ್ಕೆ ಬಿದ್ದರೆ ಕಾಂಟ್ರಿಬ್ಯೂಷನ್ 9.60, ಇಬಿಐಟಿ 1.60, ಡಿಒಎಲ್ 6! ಅದೇ ಶೆಡ್, ಅದೇ ಮೆಷಿನ್, ಅದೇ 8 ಲಕ್ಷ. ಬ್ರೇಕ್ ಈವನ್ ಹತ್ತಿರ ಬಂದಷ್ಟೂ ಡಿಒಎಲ್ ಹಾರುತ್ತದೆ. ನಮ್ಮ ಘಟಕದ ಬ್ರೇಕ್ ಈವನ್ 20 ಲಕ್ಷ: 8 ಲಕ್ಷ ಭಾಗಿಸು 0.40. ಈಗಿನ 40 ಲಕ್ಷದಿಂದ ಅದು 50 ಪರ್ಸೆಂಟ್ ದೂರದಲ್ಲಿದೆ. ಈ ದೂರವೇ ಮಾರ್ಜಿನ್ ಆಫ್ ಸೇಫ್ಟಿ. ಒಂದನ್ನು ಅದರಿಂದ ಭಾಗಿಸಿ: 1/0.50 = 2. ಅದೇ ಡಿಒಎಲ್.

ಡಿಸಿಎಲ್‌ಗೂ ಹೀಗೇ ಮಾಡಬಹುದು. 100 ಭಾಗಿಸು 3.2 ಅಂದರೆ 31.25. ಮಾರಾಟ 31.25 ಪರ್ಸೆಂಟ್ ಕುಸಿದರೆ 27.50 ಲಕ್ಷ. ಅಲ್ಲಿ ಕಾಂಟ್ರಿಬ್ಯೂಷನ್ 11 ಲಕ್ಷ, ಫಿಕ್ಸೆಡ್ ಕಾಸ್ಟ್ 8 ಮತ್ತು ಬಡ್ಡಿ 3 ಕಳೆದರೆ ಸೊನ್ನೆ. ಸಾಲ ಇಲ್ಲದಿದ್ದರೆ 50 ಪರ್ಸೆಂಟ್ ಕುಸಿತ ತಡೆಯುತ್ತಿದ್ದ ಘಟಕ, ಸಾಲದಿಂದಾಗಿ 31.25ರಲ್ಲೇ ಲಾಭ ಕಳೆದುಕೊಳ್ಳುತ್ತದೆ. ಉತ್ತರದಲ್ಲಿ ಈ ಒಂದು ವಾಕ್ಯ ಇದ್ದರೆ ನೀವು ಸೂತ್ರವನ್ನು ಬರೀ ಬಾಯಿಪಾಠ ಮಾಡಿಲ್ಲ ಅಂತ ಪರೀಕ್ಷಕರಿಗೆ ಗೊತ್ತಾಗುತ್ತದೆ.

ಸೂತ್ರದ ಮಿತಿಯನ್ನೂ ಹೇಳಬೇಕು. ಮಾರಾಟ 10 ಪರ್ಸೆಂಟ್ ಏರಿತು ಅಂದಾಗ ತಟ್ಟೆಗಳ ಸಂಖ್ಯೆ ಏರಿದೆ ಅಂತ ನಾವು ಅಂದುಕೊಂಡೆವು. ಸಂಖ್ಯೆ ಅಷ್ಟೇ ಇದ್ದು ಬೆಲೆ ಮಾತ್ರ 4 ರೂಪಾಯಿಂದ 4.40 ಆದರೆ? ವೇರಿಯಬಲ್ ಕಾಸ್ಟ್ 24 ಲಕ್ಷವೇ ಉಳಿಯುತ್ತದೆ. ಕಾಂಟ್ರಿಬ್ಯೂಷನ್ 20, ಇಬಿಐಟಿ 12. ಏರಿಕೆ 20 ಪರ್ಸೆಂಟ್ ಅಲ್ಲ, 50. ಹಾಗಾಗಿ ‘ಮಾರಾಟ ಬೆಲೆ, ಪ್ರತಿ ಯೂನಿಟ್‌ನ ವೇರಿಯಬಲ್ ಕಾಸ್ಟ್ ಮತ್ತು ಒಟ್ಟು ಫಿಕ್ಸೆಡ್ ಕಾಸ್ಟ್ ಬದಲಾಗುವುದಿಲ್ಲ ಎಂದು ಊಹಿಸಲಾಗಿದೆ’ ಅಂತ ಒಂದು ಸಾಲು ಬರೆಯಿರಿ. ಈ ಸಾಲಿಲ್ಲದೆ ನಿಮ್ಮ 2ಕ್ಕೆ ಅರ್ಥವಿಲ್ಲ.

ಇನ್ನು ಉಲ್ಟಾ ಲೆಕ್ಕ. ಡಿಒಎಲ್ 2, ಡಿಎಫ್ಎಲ್ 1.6, ಬಡ್ಡಿ 3 ಲಕ್ಷ, ವೇರಿಯಬಲ್ ಕಾಸ್ಟ್ ಮಾರಾಟದ 60 ಪರ್ಸೆಂಟ್, ತೆರಿಗೆ 30 ಪರ್ಸೆಂಟ್, ಸ್ಟೇಟ್‌ಮೆಂಟ್ ತಯಾರಿಸಿ ಅಂತ ಕೊಡುತ್ತಾರೆ. ಗಾಬರಿ ಬೇಡ. ಕೆಳಗಿಂದ ಮೇಲೆ ಹತ್ತಬೇಕು ಅಷ್ಟೇ. ಬಡ್ಡಿ ಗೊತ್ತಿದೆ, ಹಾಗಾಗಿ ಡಿಎಫ್ಎಲ್‌ನಿಂದ ಶುರು ಮಾಡಿ. ಇಬಿಐಟಿಯನ್ನು ‘ಇಬಿಐಟಿ ಕಳೆ 3’ರಿಂದ ಭಾಗಿಸಿದರೆ 1.6. ಅಂದರೆ 0.6 ಇಬಿಐಟಿ = 4.8, ಇಬಿಐಟಿ 8 ಲಕ್ಷ. ಡಿಒಎಲ್ 2 ಆದ್ದರಿಂದ ಕಾಂಟ್ರಿಬ್ಯೂಷನ್ 16. ಅವೆರಡರ ವ್ಯತ್ಯಾಸ 8, ಅದು ಫಿಕ್ಸೆಡ್ ಕಾಸ್ಟ್. ವೇರಿಯಬಲ್ 60 ಅಂದರೆ ಕಾಂಟ್ರಿಬ್ಯೂಷನ್ 40 ಪರ್ಸೆಂಟ್, ಹಾಗಾಗಿ ಮಾರಾಟ 40 ಲಕ್ಷ. ಇಬಿಐಟಿಯೇ ಎರಡಕ್ಕೂ ಸೇತುವೆ. ಅದು ಸಿಕ್ಕರೆ ಮೇಲಿನದೂ ಸಿಗುತ್ತದೆ, ಕೆಳಗಿನದೂ ಸಿಗುತ್ತದೆ.

ಮೊದಲ ಲೆಕ್ಕಕ್ಕೆ ಕಾಮೆಂಟ್ ಹೇಗಿರಬೇಕು ಅಂತ ಕೇಳಿದಿರಿ. ನಾನು ಬರೆಯುವುದಾದರೆ ಹೀಗೆ:

“ಡಿಒಎಲ್ 2 ಇರುವುದರಿಂದ ಮಾರಾಟದಲ್ಲಿ 1% ಬದಲಾವಣೆಯಾದರೆ ಇಬಿಐಟಿ 2% ಬದಲಾಗುತ್ತದೆ. ಬಾಡಿಗೆ, ಸಂಬಳ, ಸವಕಳಿ ಸೇರಿದ 8 ಲಕ್ಷದ ಸ್ಥಿರ ಕಾರ್ಯಾಚರಣಾ ವೆಚ್ಚ ಇದಕ್ಕೆ ಕಾರಣ. ಇದು ಕಂಪನಿಯ ಬಿಸಿನೆಸ್ ರಿಸ್ಕ್ ತೋರಿಸುತ್ತದೆ. ಡಿಎಫ್ಎಲ್ 1.6 ಇರುವುದರಿಂದ ಇಬಿಐಟಿ 1% ಬದಲಾದರೆ ಇಪಿಎಸ್ 1.6% ಬದಲಾಗುತ್ತದೆ. 3 ಲಕ್ಷದ ಸ್ಥಿರ ಬಡ್ಡಿ ಇದಕ್ಕೆ ಕಾರಣ. ಇದು ಫೈನಾನ್ಶಿಯಲ್ ರಿಸ್ಕ್. ಗಳಿಕೆ 22.9% ಇದ್ದು ಬಡ್ಡಿ 12% ಇರುವುದರಿಂದ ಸದ್ಯಕ್ಕೆ ಸಾಲ ಷೇರುದಾರರಿಗೆ ಲಾಭದಾಯಕ. ಆದರೆ ಡಿಸಿಎಲ್ 3.2 ಆದ್ದರಿಂದ ಮಾರಾಟ 31.25% ಕುಸಿದರೆ ಅವರಿಗೆ ಏನೂ ಉಳಿಯುವುದಿಲ್ಲ. ಮಾರಾಟ ಏರಿಳಿಯುವ ಸಾಧ್ಯತೆ ಇದ್ದರೆ ಕಂಪನಿ ಹೊಸ ಸಾಲ ಪಡೆಯದಿರುವುದು ಸೂಕ್ತ.”

ಇಷ್ಟೇ. ಇದರಲ್ಲಿ ಬದಲಾವಣೆ ಎಷ್ಟು ಅಂತ ಇದೆ. ಅದಕ್ಕೆ ಕಾರಣವಾದ ಖರ್ಚಿನ ಹೆಸರಿದೆ. ಯಾವ ರಿಸ್ಕ್ ಅಂತ ಇದೆ. ಕೊನೆಗೆ ಈ ಕಂಪನಿಗೆ ಏನು ಮಾಡಬೇಕು ಅಂತಲೂ ಇದೆ. ಇದಕ್ಕಿಂತ ಉದ್ದ ಬರೆಯುವ ಅಗತ್ಯವಿಲ್ಲ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. “ಸರ್, ಒಂದು ಲೆಕ್ಕದಲ್ಲಿ ಡಿಒಎಲ್ ಮೈನಸ್ ಬಂತು. ತಪ್ಪು ಮಾಡಿದೀನಿ ಅಂತ ಹೊಡೆದು ಹಾಕಿದೆ. ಮೈನಸ್ ಬರಬಹುದಾ?” ಬರಬಹುದು. ನಮ್ಮ ಘಟಕದ ಮಾರಾಟ 16 ಲಕ್ಷಕ್ಕೆ ಬಿದ್ದಿದೆ ಅಂದುಕೊಳ್ಳಿ. ಕಾಂಟ್ರಿಬ್ಯೂಷನ್ 6.40, ಫಿಕ್ಸೆಡ್ 8, ಇಬಿಐಟಿ ಮೈನಸ್ 1.60. ಡಿಒಎಲ್ ಮೈನಸ್ 4. ಇದರ ಅರ್ಥ ಮಾರಾಟ ಏರಿದರೆ ನಷ್ಟ ಹೆಚ್ಚುತ್ತದೆ ಅಂತ ಅಲ್ಲ. ಮಾರಾಟ 10 ಪರ್ಸೆಂಟ್ ಏರಿದರೆ ಕಾಂಟ್ರಿಬ್ಯೂಷನ್ 64,000 ಹೆಚ್ಚಾಗಿ ನಷ್ಟ 96,000ಕ್ಕೆ ಇಳಿಯುತ್ತದೆ. ಅಂದರೆ ನಷ್ಟ 40 ಪರ್ಸೆಂಟ್ ತಗ್ಗಿತು. ಮೈನಸ್ ಚಿಹ್ನೆ ಹೇಳುತ್ತಿರುವುದು ಕಂಪನಿ ಬ್ರೇಕ್ ಈವನ್‌ನ ಕೆಳಗಿದೆ ಅಂತ ಮಾತ್ರ. ಹಾಗೆ ಬಂದಾಗ ಉತ್ತರ ಹೊಡೆದು ಹಾಕಬೇಡಿ. ಪಕ್ಕದಲ್ಲಿ ಬ್ರೇಕ್ ಈವನ್ 20 ಲಕ್ಷ, ಮಾರಾಟ 16 ಲಕ್ಷ ಅಂತ ತೋರಿಸಿ, ಇನ್ನೂ 4 ಲಕ್ಷದ ಮಾರಾಟ ಬೇಕು ಅಂತ ಬರೆಯಿರಿ.